ಜರಿ ಕಟ್ಟಿದ ಏಳು ಚಾರ್ಜರ್

ಮೊಳಕಾಲ್ಮೂರಿನ ನಮ್ಮ ಮಗ್ಗದ ಬೀದಿಯಲ್ಲಿ ಏನು ಮುರಿದರೂ ಅದು ಚೌಡೇಶನ ಮನೆಗೆ ಹೋಗುತ್ತಿತ್ತು. ಕೊಡೆಯ ಕಡ್ಡಿ, ಕನ್ನಡಕದ ಕಾಲು, ಟಾರ್ಚಿನ ಮುಚ್ಚಳ. ಅವನು ಎಲ್ಲದಕ್ಕೂ ದಾರ ಸುತ್ತಿ ಬಿಗಿದು ಕೊಡುತ್ತಿದ್ದ. ಹದಿನಾಲ್ಕನೇ ವಯಸ್ಸಿನಿಂದ ರೇಷ್ಮೆ ನೇಯ್ದವನು. ಹಾಸಿನಲ್ಲಿ ಒಂದು ಎಳೆ ಹರಿದರೆ ಲಾಳಿ ನಿಲ್ಲಿಸಿ, ಎರಡು ಬೆರಳಲ್ಲಿ ಗಂಟು ಹಾಕಿ, ಮತ್ತೆ ನೇಯುತ್ತಿದ್ದ. ಸೀರೆ ಮುಗಿದ ಮೇಲೆ ಆ ಗಂಟು ಎಲ್ಲಿದೆ ಎಂದು ಅವನಿಗೂ ಹುಡುಕಲು ಆಗುತ್ತಿರಲಿಲ್ಲ. ಬೀದಿಯವರ ರಿಪೇರಿಗೆ ಯಾರ ಹತ್ತಿರವೂ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. "ಚೌಡೇಶನ ಗಂಟು ಬಿಚ್ಚಬೇಕಂದ್ರೆ ಕತ್ತರಿನೇ ಬೇಕು" ಎಂದು ಬೀದಿಯವರು ಹೇಳಿದಾಗ ತಲೆ ತಗ್ಗಿಸಿ ನಗುತ್ತಿದ್ದ. ಅದೊಂದೇ ಅವನ ಹೆಮ್ಮೆ.

ಅವನ ಮಗಳು ಮೇಘಾ ನಾಲ್ಕನೇ ತರಗತಿ. ಒಂದು ಭಾನುವಾರ ಬೆಳಿಗ್ಗೆ, ಚಾರ್ಜರ್ ತೆಗೆಯಲು ಹೋಗಿ ಅವಳಿಗೆ ಕರೆಂಟು ಹೊಡೆಯಿತು.

ಹೊಕ್ಕಿನ ರೇಷ್ಮೆ ಒಣಗಿದ್ದರೆ ನೇಯುವಾಗ ಸಡಿಲ ಬೀಳುತ್ತದೆ. ಅದಕ್ಕೆ ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಕಂಡಿಕೆಗಳನ್ನು ನೀರಿನ ಬಟ್ಟಲಲ್ಲಿ ನೆನೆಸಿ ಕೊಡುತ್ತಾರೆ. ಆ ಕೆಲಸ ಮೇಘಾಳದು. ಅವತ್ತೂ ಅವಳು ಬಟ್ಟಲಿನ ಮುಂದೆ ಕೂತಿದ್ದಳು. ಫೋನು ಗುಂಡಿ ಮಗ್ಗದ ಪಕ್ಕದ ಗೋಡೆಯ ಬೋರ್ಡಿನಲ್ಲಿ ಚಾರ್ಜಿಗೆ ಇತ್ತು. ಅದು ಬಡಿದುಕೊಳ್ಳಲು ಶುರುಮಾಡಿದಾಗ ಅವಳ ತಾಯಿ ಸ್ವಪ್ನ ಒಲೆಯ ಮುಂದಿನಿಂದಲೇ, "ಮೇಘಾ, ಫೋನ್ ತಗೊಂಬಾ" ಎಂದಳು. ಹುಡುಗಿ ಒದ್ದೆ ಕೈಯಲ್ಲಿ, ನೀರು ಚೆಲ್ಲಿದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಚಾರ್ಜರನ್ನು ಹಿಡಿದಳು. ಹಿಡಿದ ಕೈ ಬಿಡಲಾಗಲಿಲ್ಲ. ಸ್ವಪ್ನ ಓಡಿಬಂದು, ಮಗಳನ್ನು ಮುಟ್ಟದೆ, ಮೂಲೆಯಲ್ಲಿದ್ದ ಒಣ ಮರದ ಪಟ್ಟಿಯಿಂದ ಚಾರ್ಜರಿಗೆ ಹೊಡೆದು ಕೆಡವಿದಳು. ಹಾಗೆ ಮಾಡಬೇಕೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ದೇವಿಯೇ ಆ ಪಟ್ಟಿಯನ್ನು ಕೈಗೆ ಕೊಟ್ಟಳು ಎಂದು ಅವಳು ಈಗಲೂ ಹೇಳುತ್ತಾಳೆ. ನಾನೂ ಹಾಗೆಂದೇ ನಂಬಿದ್ದೇನೆ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಾಲ್ಕು ದಿನ ಹೃದಯದ ಮೇಲೆ ನಿಗಾ ಇಟ್ಟರು. ಜೀವ ಉಳಿಯಿತು. ಬಲಗೈಯ ಎರಡು ಬೆರಳುಗಳು ಸುಟ್ಟು, ಮಡಚಲು ಬಾರದಂತಾದವು.

"ಹೆಂಗಾಯ್ತು?" ಎಂದು ಡಾಕ್ಟರು ಕೇಳಿದಾಗ ಚೌಡೇಶ ಹೇಳಿದ್ದು ಒಂದೇ ಮಾತು. "ಒದ್ದೆ ಕೈಲಿ ಮುಟ್ಟವ್ಳೆ ಸಾರ್."

ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ ಚಾರ್ಜರು ಎರಡು ತಿಂಗಳ ಹಿಂದೆ ಮಗ್ಗದ ಗುಂಡಿಗೆ ಬಿದ್ದು ಎರಡು ಹೋಳು ಕೂಡುವಲ್ಲಿ ಬಿರಿದಿತ್ತು. ಚೌಡೇಶ ಅದಕ್ಕೆ ಉಳಿಕೆ ಜರಿಯನ್ನು ಸುತ್ತಿ, ಜಾರದಿರಲಿ ಎಂದು ಒಂದು ಸುತ್ತನ್ನು ಎರಡು ಪಿನ್ನುಗಳ ನಡುವೆ ಹಾಯಿಸಿ ಗಂಟು ಹಾಕಿದ್ದ. ರೇಷ್ಮೆಗಿಂತ ಜರಿ ಗಟ್ಟಿ ಎಂದು ಅವನ ಲೆಕ್ಕ. ಆದರೆ ಜರಿ ಎಂದರೆ ಲೋಹ. ರೇಷ್ಮೆ ಎಳೆಯ ಮೇಲೆ ತಾಮ್ರ, ಬೆಳ್ಳಿ ಸುತ್ತಿದ ದಾರ. ದಿನವೂ ಅದನ್ನೇ ನೇಯುವ ಕೈಗೆ ಅದು ದಾರವಾಗಿಯೇ ಕಂಡಿತ್ತು, ತಂತಿಯಾಗಿ ಕಂಡಿರಲಿಲ್ಲ. ಬೋರ್ಡು ಸಡಿಲವಾಗಿ ಪಿನ್ನು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ದಿನ ಕಳೆದಂತೆ ಸುತ್ತು ಸರಿದು ಪಿನ್ನಿಗೆ ತಾಗಿತು. ಅವನ ಕೈ ಒಣಗಿರುತ್ತಿತ್ತು, ಕೂರುವುದು ಮರದ ಹಲಗೆಯ ಮೇಲೆ, ಹಾಗಾಗಿ ಅವನಿಗೆ ಏನೂ ಗೊತ್ತಾಗಲಿಲ್ಲ. ಮಗಳಿಗೆ ಗೊತ್ತಾಯಿತು.

ಅವತ್ತೇ, ಮಗಳನ್ನು ಆಸ್ಪತ್ರೆಗೆ ಒಯ್ಯುವ ಆಟೋ ಬರುವ ಮೊದಲು, ಅವನು ಆ ಜರಿಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡಿದ್ದ. ಹೆಂಡತಿಗೂ ಹೇಳಲಿಲ್ಲ.

ಅವನನ್ನು ಒಳಗೊಳಗೇ ತಿಂದದ್ದು ಇನ್ನೊಂದು ವಿಷಯ. ಅದೇ ರೀತಿ, ಅದೇ ಜರಿಯಿಂದ, ಬೀದಿಯವರ ಏಳು ಚಾರ್ಜರುಗಳಿಗೆ ಅವನು ಕಟ್ಟಿಕೊಟ್ಟಿದ್ದ. ಏಳೂ ಮನೆಗಳಲ್ಲಿ ಮಕ್ಕಳಿದ್ದರು. ಎಲ್ಲ ಮನೆಯಲ್ಲೂ ನೀರಿನ ಬಟ್ಟಲಿತ್ತು.

ಆಸ್ಪತ್ರೆಯಿಂದ ಬಂದ ಮರುದಿನ ಅವನು ಆ ಏಳರಲ್ಲಿ ಒಂದಾದ ಬಾಲರಾಜುವಿನ ಮನೆಗೆ ಹೋಗಿ, "ಆ ಚಾರ್ಜರ್ ಕೊಡು, ಒಂದ್ಸಲ ನೋಡ್ತೀನಿ" ಎಂದ.

"ಯಾಕ್ಲೇ, ಚೆನ್ನಾಗೇ ಐತಲ್ಲ. ನಿನ್ನ ಗಂಟಿಗೆ ನಿಂಗೇ ನಂಬ್ಕೆ ಇಲ್ವಾ?" ಎಂದು ಬಾಲರಾಜು ನಕ್ಕ. "ಹೋಗು, ಮಗಳ್ನ ನೋಡ್ಕೋ."

ಇನ್ನೊಂದು ಮನೆಯಲ್ಲೂ ಅದೇ ಮಾತು. ಕಾರಣ ಹೇಳದೆ ಕೇಳಿದರೆ ಯಾರು ಕೊಡುತ್ತಾರೆ? ಕಾರಣ ಹೇಳಿದರೆ ಮಗಳ ಕೈ ಸುಟ್ಟವನು ಯಾರೆಂದು ಗೊತ್ತಾಗುತ್ತದೆ. ಅವನು ಮನೆಗೆ ಬಂದು ಮಗ್ಗಕ್ಕೆ ಕೂತ. ಬೀದಿಯಲ್ಲಿ ಯಾವ ಮಗು ಕಿರುಚಿದರೂ ಲಾಳಿ ಕೈಯಿಂದ ಜಾರುತ್ತಿತ್ತು. ಗೋಡೆಯ ಗೂಡಿನಲ್ಲಿದ್ದ ಮನೆದೇವಿ ಚೌಡಮ್ಮನಿಗೆ ದೀಪ ಹಚ್ಚುವುದನ್ನು ಬಿಟ್ಟ. "ಯಾವ ಮುಖ ಇಟ್ಕೊಂಡು ಹಚ್ಲಿ" ಎಂದು ಅವನು ಆಮೇಲೆ ನನ್ನ ಮುಂದೆ ಹೇಳಿದ.

ಕರೆಂಟು ಹೊಡೆದ ಹದಿನೆಂಟನೇ ದಿನ ಸಂಜೆ ಪ್ರೇಮಲತಾ ಮಿಸ್ ಮನೆಗೆ ಬಂದರು. ಅವರು ಮೇಘಾಳ ಕ್ಲಾಸ್ ಟೀಚರ್. ಕೈಯಲ್ಲಿ ಒಂದು ಹಾಳೆ ಇತ್ತು.

"ನಾಳೆ ಪ್ರಾರ್ಥನೆ ಹೊತ್ತಲ್ಲಿ ಮಕ್ಕಳಿಗೆ ಚಾರ್ಜರ್ ಬಗ್ಗೆ ಐದು ನಿಮಿಷ ಹೇಳೋಣ ಅಂತಿದೀನಿ. ಮೇಘಾ ಹೆಸರು ಎತ್ತಲ್ಲ. ಆದ್ರೂ ನಿಮ್ಮನ್ನ ಕೇಳ್ದೆ ಹೇಳೋದು ಬೇಡ ಅನ್ನಿಸ್ತು."

"ಹೇಳ್ರಿ ಮಿಸ್. ಬೇರೆ ಮಕ್ಳಾದ್ರೂ ಹುಷಾರಾಗ್ಲಿ" ಎಂದಳು ಸ್ವಪ್ನ.

ಮಗ್ಗದ ಹಿಂದೆ ಚಾಪೆಯ ಮೇಲಿದ್ದ ಮೇಘಾ ಎದ್ದು ಬಂದಳು. ಕೈಗೆ ಇನ್ನೂ ಬ್ಯಾಂಡೇಜಿತ್ತು. "ನನ್ ಹೆಸ್ರು ಹೇಳ್ರಿ ಮಿಸ್, ಪರ್ವಾಗಿಲ್ಲ. ತಪ್ಪು ನಂದೇ. ಕೈ ಒರೆಸ್ಕೋ ಅಂತ ನಾಯ್ನ ದಿನಾ ಹೇಳ್ತಿದ್ದ. ನಾನೇ ಒರೆಸ್ಕೊಳ್ಲಿಲ್ಲ."

ಅವರ ಮನೆಮಾತು ತೆಲುಗು. ಮಗಳು ಅಪ್ಪನನ್ನು ನಾಯ್ನ ಎನ್ನುತ್ತಾಳೆ. ಚೌಡೇಶ ಎದ್ದು ಹೊರಗೆ ಹೋದ. ಮಿಸ್ ಹೊರಟಾಗ ಅವನು ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದ. "ನಾಳೆ ನಾನೂ ಬರಬಹುದಾ ಮಿಸ್?" ಎಂದು ಕೇಳಿದ.

"ಬನ್ರಿ, ಅದಕ್ಕೇನು."

ನಿಜ ಹೇಳಬೇಕೆಂದು ಆಗಲೇ ನಿರ್ಧರಿಸಿದ್ದೆಯಾ ಎಂದು ನಾನು ಆಮೇಲೊಮ್ಮೆ ಅವನನ್ನು ಕೇಳಿದ್ದೆ. ಇಲ್ಲವಂತೆ. ಮಿಸ್ ಹೇಳುವುದನ್ನು ಕೇಳಿ ಮಕ್ಕಳೇ ಮನೆಯಲ್ಲಿ ಆ ಚಾರ್ಜರುಗಳನ್ನು ಬಿಸಾಡಿಸಲಿ, ತಾನು ಬಾಯಿ ಬಿಡುವುದು ತಪ್ಪಲಿ ಎಂಬ ಆಸೆಯಿಂದಲೇ ಹೋದನಂತೆ.

ಮರುದಿನ ಬೆಳಿಗ್ಗೆ ನಾಡಗೀತೆ ಮುಗಿದ ಮೇಲೆ ಪ್ರೇಮಲತಾ ಮಿಸ್ ಮುಂದೆ ಬಂದರು. ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಮೇಘಾ ಇನ್ನೂ ಮನೆಯಲ್ಲೇ ಇದ್ದಳು. ಚೌಡೇಶ ಗೇಟಿನ ಹತ್ತಿರ ನಿಂತ.

"ಎಲ್ರೂ ಕೈ ಮುಂದೆ ಚಾಚ್ರಿ" ಎಂದರು ಮಿಸ್. "ಯಾರ ಕೈ ಒದ್ದೆ ಐತೆ?"

ನಲ್ಲಿಯ ಹತ್ತಿರ ಆಡಿ ಬಂದಿದ್ದ ನಾಲ್ಕೈದು ಮಕ್ಕಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಎಲ್ಲರೂ ನಕ್ಕರು.

"ಒಣಗಿದ ಚರ್ಮ ಕರೆಂಟನ್ನ ಸ್ವಲ್ಪನಾದ್ರೂ ತಡೀತೈತೆ. ಒದ್ದೆ ಆದ್ರೆ ಆ ತಡೆ ಹೋಗ್ತೈತೆ. ಅದಕ್ಕೆ ಕೈ ಒದ್ದೆ ಇದ್ದಾಗ, ಕಾಲಡಿ ನೀರಿದ್ದಾಗ ಚಾರ್ಜರ್ ಆಗ್ಲಿ ಸ್ವಿಚ್ ಆಗ್ಲಿ ಮುಟ್ಟಬಾರದು. ಕಂಡಿಕೆ ನೆನೆಸ್ತೀರಲ್ಲ, ಎದ್ದ ತಕ್ಷಣ ಫೋನ್ ಹತ್ರ ಹೋಗ್ಬೇಡ್ರಿ. ಮೊದ್ಲು ಕೈ ಒರೆಸ್ಕೊಳ್ರಿ. ಚಾರ್ಜರ್ ತೆಗೀಬೇಕಾದ್ರೆ ಸ್ವಿಚ್ ಆರಿಸಿ, ಆಮೇಲೆ ಅದರ ಮೈ ಹಿಡಿದು ತೆಗೀರಿ, ವೈರ್ ಹಿಡಿದು ಎಳೀಬೇಡ್ರಿ. ಎಳೆದ್ರೆ ಒಳಗೆ ಹರೀತೈತೆ. ಚಾರ್ಜರ್ ಒಡೆದಿದ್ರೆ, ಪಿನ್ ಅಲ್ಲಾಡ್ತಿದ್ರೆ, ವೈರ್ ಸಿಪ್ಪೆ ಸುಲಿದಿದ್ರೆ, ಮುಟ್ಟಿದಾಗ ತುಂಬಾ ಬಿಸಿ ಇದ್ರೆ ಅದನ್ನ ಬಳಸಬೇಡ್ರಿ, ಮನೇಲಿ ದೊಡ್ಡೋರಿಗೆ ಹೇಳ್ರಿ. ಚಾರ್ಜಿಗೆ ಹಾಕಿದ ಫೋನನ್ನ ದಿಂಬಿನ ಕೆಳಗೆ ಇಡಬೇಡ್ರಿ. ಯಾರಿಗಾದ್ರೂ ಕರೆಂಟ್ ಹಿಡಿದಿದ್ರೆ ಅವರನ್ನ ಮುಟ್ಟಬೇಡ್ರಿ. ಕೂಗ್ರಿ. ದೊಡ್ಡೋರು ಬಂದು ಮೇನ್ ಆರಿಸ್ಲಿ."

ಇಷ್ಟೇ ಅವರ ಭಾಷಣ. ಮಕ್ಕಳಿಂದ ಒಂದೊಂದನ್ನೂ ಮತ್ತೆ ಹೇಳಿಸಿ, "ಏನಾದ್ರೂ ಕೇಳೋದಿದೆಯಾ?" ಎಂದರು.

ಐದನೇ ತರಗತಿಯ ಒಂದು ಹುಡುಗಿ ಕೈ ಎತ್ತಿದಳು. "ಮಿಸ್, ನಮ್ಮನೇದು ಒಡೆದಿತ್ತು. ಚೌಡೇಶಣ್ಣ ಜರಿ ಕಟ್ಟಿ ರಿಪೇರಿ ಮಾಡವ್ರೆ. ಅದು ಈಗ ಒಡೆದಿದ್ದಾ, ಚೆನ್ನಾಗಿರೋದಾ?"

ಸಾಲಿನಿಂದ ಇನ್ನೊಂದು ದನಿ ಬಂತು. "ನಮ್ಮನೇದೂ ಹಂಗೇ ಐತೆ ಮಿಸ್. ಫಳಫಳ ಅಂತೈತೆ."

ಜರಿ ಎಂಬ ಮಾತು ಮಿಸ್‌ಗೂ ಹೊಸದಾಗಿ ಕೇಳಿಸಿದಂತಿತ್ತು. ಅವರು ಗೇಟಿನ ಕಡೆ ನೋಡಿದರು. ಎಂಬತ್ತು ಮಕ್ಕಳೂ ತಿರುಗಿ ನೋಡಿದರು.

ಚೌಡೇಶನ ಕಾಲುಗಳು ಹೇಗೆ ಮುಂದೆ ಬಂದವೋ ಅವನಿಗೆ ನೆನಪಿಲ್ಲ. ಮಕ್ಕಳ ಮುಂದೆ ನಿಂತು ಆ ಹುಡುಗಿಯನ್ನೇ ನೋಡುತ್ತಾ ಹೇಳಿದ.

"ಅದು ಒಡೆದದ್ದೇ ಕಣಮ್ಮ. ನಾನು ಕಟ್ಟಿ ಅದನ್ನ ಇನ್ನೂ ಕೆಟ್ಟದು ಮಾಡಿದೀನಿ. ಜರಿ ದಾರ ಅಲ್ಲ, ತಂತಿ. ಅದ್ರಲ್ಲಿ ಕರೆಂಟ್ ಹರೀತೈತೆ. ಮೇಘಾಗೆ ಹೊಡೆದಿದ್ದು ಹಂಗೇ. ಒದ್ದೆ ಕೈ ಅವಳ್ದು, ಜರಿ ನಂದು."

ಉಳಿದ ಮಕ್ಕಳ ಕಡೆ ತಿರುಗಿ ಅವನು ಮುಂದುವರಿಸಿದ. "ಇನ್ನೂ ಏಳು ಮನೇಲಿ ಹಂಗೇ ಐತೆ. ನೀವ್ಯಾರೂ ಅದನ್ನ ಮುಟ್ಬೇಡ್ರಿ, ಕೀಳೋಕೂ ಹೋಗ್ಬೇಡ್ರಿ. ನಾನೇ ಬಂದು ತೆಗೀತೀನಿ."

ಪ್ರೇಮಲತಾ ಮಿಸ್ ಬೈಯಲಿಲ್ಲ. ಫೋನ್ ತೆಗೆದು ಪೋಷಕರ ಗುಂಪಿಗೆ ದನಿ ಸಂದೇಶ ಕಳಿಸಿದರು. ಜರಿ ಕಟ್ಟಿದ ಚಾರ್ಜರನ್ನು ಯಾರೂ ಮುಟ್ಟಬಾರದು, ಬೋರ್ಡಿನ ಸ್ವಿಚ್ಚನ್ನೇ ನಂಬಬಾರದು, ಮನೆಯ ಮೇನ್ ಆರಿಸಿದ ಮೇಲಷ್ಟೇ ಕೀಳಬೇಕು. ಆಮೇಲೆ ಅವನ ಕಡೆ ತಿರುಗಿ, "ಇಲ್ಲಿ ನಿಂತ್ಕೋಬೇಡ್ರಿ. ಹೋಗ್ರಿ, ಮನೆ ಮನೆಗೆ ಹೋಗ್ರಿ" ಎಂದರು.

ಬಾಲರಾಜು ಬಾಗಿಲಲ್ಲೇ ನಿಂತಿದ್ದ. ಸುದ್ದಿ ಆಗಲೇ ಮುಟ್ಟಿತ್ತು. "ಬಾರಪ್ಪ ಡಾಕ್ಟ್ರೇ. ನಿನ್ ಪೇಷೆಂಟನ್ನ ನೀನೇ ಹೊತ್ಕೊಂಡು ಹೋಗು" ಎಂದ. ನಗಲಿಲ್ಲ. ಎರಡು ಮನೆ ಆಚೆ ಒಬ್ಬ ತಾಯಿ ಚಾರ್ಜರನ್ನು ಅವನ ಕೈಗೆ ಕೊಡದೆ ಕಾಲಡಿಗೆ ಹಾಕಿದಳು. "ಹತ್ತೊಂಬತ್ತು ದಿನ ಗೊತ್ತಿತ್ತಲ್ಲ ನಿಂಗೆ. ನನ್ ಕೂಸು ಇದನ್ನ ಹಿಡ್ಕೊಂಡು ಆಡ್ತಿತ್ತು. ಹೆಂಗ್ ಉಂಡೆ ಅನ್ನಾನ?"

ಅವನು ಬಗ್ಗಿ ಎತ್ತಿಕೊಂಡ. ಹತ್ತು ಗಂಟೆಯ ಹೊತ್ತಿಗೆ ಚೀಲದಲ್ಲಿ ಆರು ಚಾರ್ಜರುಗಳಿದ್ದವು.

ಏಳನೆಯದು ಬೀದಿಯ ಕೊನೆಯ ಮನೆಯ ಸೂರಮ್ಮನದು. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು.

"ಅದು ಇಲ್ಲೆಲ್ಲೈತಪ್ಪ? ದಿವ್ಯಶ್ರೀ ತಗೊಂಡ್ ಹೋದ್ಲಲ್ಲ. ಬಾಣಂತನ ಮುಗಿಸ್ಕೊಂಡು ಗಂಡನ ಮನೆಗೆ ಹೋದಾಗ. ಅವಳ್ದು ಕೆಟ್ಟಿತ್ತು, ಇದನ್ನೇ ಕೊಟ್ಟು ಕಳಿಸ್ದೆ."

ಸೂರಮ್ಮನ ಮಗಳು ದಿವ್ಯಶ್ರೀ ಇರುವುದು ಚಳ್ಳಕೆರೆಯಲ್ಲಿ. ಮಗುವಿಗೆ ಒಂಬತ್ತು ತಿಂಗಳು, ಆಗಲೇ ಅಂಬೆಗಾಲು. ಚೌಡೇಶ ಅವಳ ನಂಬರಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸ್ವಿಚ್ ಆಫ್.

"ಯಾವಾಗ್ಲೂ ಹಂಗೇ" ಎಂದಳು ಸೂರಮ್ಮ. "ಕೂಸಿಗೆ ಹಾಡು ಹಾಕಿ ಹಾಕಿ ಚಾರ್ಜ್ ಖಾಲಿ ಮಾಡ್ತಾಳೆ. ಬಟ್ಟೆ ತೊಳೆದು ಬಂದ್ಮೇಲೆ ಚಾರ್ಜಿಗೆ ಹಾಕ್ತಾಳೆ."

ಆ ಮಾತು ಕೇಳಿದ್ದೇ ಅವನು ದಿವ್ಯಶ್ರೀಯ ಗಂಡನ ನಂಬರು ಇಸಿದುಕೊಂಡು ಫೋನ್ ಮಾಡಿದ. ಬಟ್ಟೆ ತೊಳೆದ ಕೈ. ನೆಲದ ಮೇಲೆ ಮಗು. ಅವಳ ಗಂಡ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಮಿಷನ್ ಸದ್ದಿನಲ್ಲಿ ಫೋನ್ ಎತ್ತಲಿಲ್ಲ. ಮಿಲ್ಲಿನ ಹೆಸರೇನು ಎಂದರೆ ಸೂರಮ್ಮನಿಗೆ ಗೊತ್ತಿಲ್ಲ. "ಹಿಂದೆ ಒಂದು ಬೇವಿನ ಮರ ಐತೆ, ಪಕ್ಕದಲ್ಲಿ ಮನೆ" ಎಂದಷ್ಟೇ ಹೇಳಿದಳು.

ಬಸ್ಸು ಹನ್ನೊಂದಕ್ಕೆ ಹೊರಟಿತು. ಪಕ್ಕದ ಊರು ಹಾನಗಲ್ ದಾಟಿ ಹೆದ್ದಾರಿಗೆ ಬಂದ ಮೇಲೂ ಅವನಿಗೆ ಅದು ಓಡುತ್ತಿದೆ ಎನಿಸಲಿಲ್ಲ. ಐದು ನಿಮಿಷಕ್ಕೊಮ್ಮೆ ಎರಡೂ ನಂಬರಿಗೆ ಫೋನ್ ಮಾಡಿದ. ಸ್ವಿಚ್ ಆಫ್ ಎಂಬ ಆ ಹೆಂಗಸಿನ ದನಿ ಕೇಳಿದಾಗಲೆಲ್ಲ ಒಂದು ಕ್ಷಣ ಸಮಾಧಾನ, ಇನ್ನೂ ಚಾರ್ಜಿಗೆ ಹಾಕಿಲ್ಲ ಎಂದು. ಮರುಕ್ಷಣ ಇನ್ನೊಂದು ಯೋಚನೆ. ಹಾಕಲು ಹೋಗಿ ಹೊಡೆದಿದ್ದರೂ ಫೋನು ಆಫ್ ಆಗಿಯೇ ಇರುತ್ತದಲ್ಲ. ತಳಕು ಊರಿನ ಹತ್ತಿರ ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಿತು. ಅವನು ಕಂಡಕ್ಟರನ ಕೈ ಹಿಡಿದು, "ಬಿಡಪ್ಪ, ಬೇಗ ಬಿಡು" ಎಂದ.

"ಯಾಕ್ರಿ, ಆಸ್ಪತ್ರೆಯಾ?" ಎಂದ ಕಂಡಕ್ಟರ್.

"ಆಗ್ದೇ ಇರ್ಲಿ ಅಂತ ಹೋಗ್ತಿದೀನಿ."

ಅವನ ಮುಖ ನೋಡಿ ಕಂಡಕ್ಟರ್ ಬೇರೇನೂ ಕೇಳದೆ ಸೀಟಿ ಊದಿದ.

ಹೆಂಡತಿ ಮಕ್ಕಳ ಹೆಸರಲ್ಲಿ ಎಷ್ಟೋ ಹರಕೆ ಹೊತ್ತವನು ಅವತ್ತು ಏನೂ ಹೊರಲಿಲ್ಲ. ಕೊಡುತ್ತೇನೆ ಎನ್ನಲು ತನ್ನ ಹತ್ತಿರ ಏನೂ ಉಳಿದಿಲ್ಲ ಅನಿಸಿತಂತೆ. "ಅಮ್ಮಾ, ಆ ಕೂಸು" ಎಂದಷ್ಟೇ ಹೇಳುತ್ತಿದ್ದನಂತೆ, ದಾರಿಯುದ್ದಕ್ಕೂ.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿಗೆ ಕಡಿಮೆಯಿಲ್ಲ. ಬೇವಿನ ಮರಕ್ಕೂ ಕಡಿಮೆಯಿಲ್ಲ. ಆಟೋದವನು ಎರಡು ಮಿಲ್ಲಿನ ಹಿಂದೆ ಸುತ್ತಿಸಿದ. ಮೂರನೆಯದರ ಗೇಟಿನಲ್ಲಿ ಕಾವಲಿನವನು, "ಮೊಳಕಾಲ್ಮೂರು ಹುಡುಗಿ, ಕೂಸೈತೆ ಅಲ್ವಾ? ಆ ನೀಲಿ ಬಾಗ್ಲು" ಎಂದು ಕೈ ತೋರಿಸಿದ.

ನೀಲಿ ಬಾಗಿಲು ತೆರೆದಿತ್ತು. ದಿವ್ಯಶ್ರೀ ಹಿತ್ತಲಿನಿಂದ ಬಟ್ಟೆಯ ಬಕೆಟ್ಟು ಹಿಡಿದು ಒಳಗೆ ಬರುತ್ತಿದ್ದಳು. ಮೊಣಕೈವರೆಗೆ ನೀರು. ಚಾರ್ಜರು ನೆಲದಿಂದ ಮೊಳದೆತ್ತರದ ಬೋರ್ಡಿನಲ್ಲಿತ್ತು. ಫೋನು ಅದಕ್ಕೆ ಸೇರಿಸಿರಲಿಲ್ಲ, ವೈರು ಕೆಳಗೆ ನೇತಾಡುತ್ತಿತ್ತು. ಸ್ವಿಚ್ಚು ಹಾಕಿಯೇ ಇತ್ತು. ಮಗು ಅದರಿಂದ ಎರಡು ಮಾರು ದೂರದಲ್ಲಿ, ಬೋರ್ಡಿನ ಕಡೆಗೇ ಬರುತ್ತಿತ್ತು. ಬಿಸಿಲು ಬಿದ್ದ ಜರಿ ಹೊಳೆಯುತ್ತಿತ್ತು. ಮಕ್ಕಳ ಕಣ್ಣಿಗೆ ಅದಕ್ಕಿಂತ ಚೆಂದದ್ದು ಏನಿದೆ?

ಅವನು ಕೂಗಲಿಲ್ಲ. ಒಳಗೆ ನುಗ್ಗಿ ಮಗುವನ್ನು ಎತ್ತಿಕೊಂಡ.

"ಚೌಡೇಶಣ್ಣ? ಏನಿದು?" ಎಂದಳು ದಿವ್ಯಶ್ರೀ. ಬಕೆಟ್ಟು ಕೆಳಗಿಟ್ಟು ಬೋರ್ಡಿನ ಕಡೆ ಹೆಜ್ಜೆ ಇಟ್ಟಳು.

"ಅಲ್ಲೇ ನಿಲ್ಲು. ಏನೂ ಮುಟ್ಬೇಡ. ಮೇನ್ ಎಲ್ಲೈತೆ?"

ಅವಳು ಬಾಗಿಲ ಮೇಲೆ ತೋರಿಸಿದಳು. ಅವನು ಮಗುವನ್ನು ಅವಳ ಕೈಗೆ ಕೊಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು, ಮೇನ್ ಆರಿಸಿದ. ಫ್ಯಾನು ನಿಂತ ಮೇಲೆ ಚಾರ್ಜರನ್ನು ಕಿತ್ತ. ತಿರುಗಿಸಿ ನೋಡಿದ. ಜರಿಯ ಸುತ್ತು ಪಿನ್ನಿಗೆ ಒರಗಿಯೇ ಇತ್ತು.

ಗೋಡೆಗೆ ಒರಗಿ ಕೂತು ಅವನು ಎಲ್ಲವನ್ನೂ ಹೇಳಿದ. ದಿವ್ಯಶ್ರೀ ಮಗುವನ್ನು ಅವುಚಿಕೊಂಡು ಕೇಳಿದಳು.

"ಅವ್ವ ಇದನ್ನ ಕೊಡುವಾಗ ಏನಂದ್ಲು ಗೊತ್ತಾ?" ಎಂದಳು ಕೊನೆಗೆ. "ಚೌಡೇಶ ಕಟ್ಟಿದ್ದು, ಕೂಸು ಕಿತ್ರೂ ಬಿಚ್ಚಲ್ಲ ಅಂದ್ಲು."

ಅವಳು ಅವನಿಗೆ ನೀರು ಕೊಡಲಿಲ್ಲ. ಹೊರಗೆ ಹೋಗು ಎಂದೂ ಹೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಬೇವಿನ ಮರದ ಕೆಳಗೆ ಬಂದು ಮನೆಗೆ ಫೋನ್ ಮಾಡಿದ. ಇಡೀ ಬೀದಿಗೆ ಹೇಳಿದ್ದ, ಮಗಳಿಗೆ ಇನ್ನೂ ಹೇಳಿರಲಿಲ್ಲ. ಸ್ವಪ್ನ ಎತ್ತಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು.

"ಸಿಕ್ತಾ?"

"ಸಿಕ್ತು. ಕೂಸು ಚೆನ್ನಾಗೈತೆ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಹೇಳಿದಳು. "ಫೋನ್ ತಗೊಂಬಾ ಅಂದೋಳು ನಾನು ಅಂತ ಇಷ್ಟು ದಿನ ನಾನು ಸತ್ತು ಸತ್ತು ಬದುಕಿದೀನಿ. ನೀನು ಪಕ್ಕದಲ್ಲೇ ಮಲಗ್ತಿದ್ದೆ."

"ಮೇಘಾಗೆ ಕೊಡು" ಎಂದ ಅವನು.

ಫೋನು ಕೈ ಬದಲಾಯಿತು. ಹುಡುಗಿಯ ಉಸಿರು ಕೇಳಿಸಿತು.

"ತಪ್ಪು ನಿಂದಲ್ಲಮ್ಮ" ಎಂದ. "ಜರಿ ಕಟ್ಟಿದ್ದು ನಾನು. ಗೊತ್ತಾದ ಮೇಲೂ ಬಚ್ಚಿಟ್ಟೆ. ನೀನು ನಂದೇ ತಪ್ಪು ಅಂದಾಗ್ಲೂ ಸುಮ್ನಿದ್ದೆ."

ಲೈನು ಕಟ್ಟಾಯಿತೇನೋ ಎಂದು ಅವನು ಫೋನನ್ನು ಕಿವಿಯಿಂದ ತೆಗೆದು ನೋಡಿದ. ಕಟ್ಟಾಗಿರಲಿಲ್ಲ.

"ಹಂಗಾದ್ರೆ ನಾನು ಕೈ ಒರೆಸ್ಕೊಂಡಿದ್ರೂ ಹೊಡೀತಿತ್ತಾ, ನಾಯ್ನ?"

"ಹೊಡೀತಿತ್ತು. ಇಷ್ಟು ಜೋರಾಗಿ ಅಲ್ದೇ ಇರಬಹುದು. ಆದ್ರೂ ಹೊಡೀತಿತ್ತು."

ಅವಳು ಅಳತೊಡಗಿದಳು. ಆಸ್ಪತ್ರೆಯಲ್ಲಿ, ಬ್ಯಾಂಡೇಜು ಬಿಚ್ಚುವಾಗ ಕೂಡ ಅತ್ತಿರದ ಹುಡುಗಿ. ಅವನು ಸಮಾಧಾನ ಹೇಳಲು ಹೋಗಲಿಲ್ಲ. ಸ್ವಪ್ನ ಫೋನ್ ತೆಗೆದುಕೊಂಡು, "ಸಾಕು. ಬಸ್ ಹತ್ತು. ಉಳಿದಿದ್ದು ಇಲ್ಲಿ ಬಂದು ಅವಳ ಮುಖ ನೋಡ್ಕೊಂಡು ಹೇಳು" ಎಂದಳು.

ಅವನು ಏಳನೇ ಚಾರ್ಜರನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.